ಯುಗಾದಿ ಚಿತ್ರಗಳಿಗೆ ಅಂಕ ಕೊಡುವ ಕ್ರಮ: ನಮ್ಮ ಕಾಫಿ ಪುಡಿ ತಂಡಕ್ಕೆ

ಎಐ ಟೂಲ್‌ನಲ್ಲಿ ಮಾಡಿಸಿದ 24 ಚಿತ್ರಗಳು ಫೋಲ್ಡರ್‌ನಲ್ಲಿವೆ. ಬೇಕಿರುವುದು 6. ಕಳೆದ ದೀಪಾವಳಿಗೆ ಗ್ರೂಪಿನಲ್ಲಿ ಎಲ್ಲರೂ "ಸೂಪರ್" ಅಂದೆವು, ಹಾಗೇ ಹಾಕಿಬಿಟ್ಟೆವು. ಆಮೇಲೆ ನೋಡಿದರೆ ಒಂದರಲ್ಲಿ ಫಿಲ್ಟರ್ ಕಾಫಿಯ ನೊರೆ ಮೇಲೆ ಎಲೆಯ ಚಿತ್ತಾರ, ಇನ್ನೊಂದರಲ್ಲಿ ನಮ್ಮದೇ ಪ್ಯಾಕೆಟ್ ಮೇಲೆ ಯಾವ ಭಾಷೆಯೂ ಅಲ್ಲದ ಅಕ್ಷರ. ಹತ್ತು ವರ್ಷದಿಂದ ನಮ್ಮ ಪುಡಿ ತರಿಸುವ ಅಮ್ಮ ಒಬ್ಬರು ಫೋನ್ ಮಾಡಿ "ಇದು ನಿಮ್ಮದೇನಾ?" ಅಂತ ಕೇಳಿದರು. ಆ ಪ್ರಶ್ನೆ ಇನ್ನೊಮ್ಮೆ ಬರಬಾರದು. ಅದಕ್ಕೇ ಇದನ್ನು ಬರೆದಿದ್ದೇನೆ.

ಪ್ರತಿ ಚಿತ್ರಕ್ಕೂ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ, ಒಬ್ಬರದನ್ನು ಇನ್ನೊಬ್ಬರು ನೋಡಬೇಡಿ. ಒಟ್ಟು 100: ನಮ್ಮ ಮಾತಿನ ಧಾಟಿಗೆ 35, ನೋಡುವ ಜನಕ್ಕೆ 35, ಹೊಂದಾಣಿಕೆಗೆ 30. ಇಬ್ಬರ ಮೊತ್ತದಲ್ಲಿ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸರಾಸರಿ ತೆಗೆಯಬೇಡಿ. ಕೂತು ಮಾತಾಡಿ, ಒಬ್ಬರಿಗೆ ಕಂಡಿದ್ದು ಇನ್ನೊಬ್ಬರಿಗೆ ಕಂಡಿಲ್ಲ ಅಂತಲೇ ಅದರ ಅರ್ಥ.

ಅಂಕಕ್ಕೂ ಮೊದಲು

ಇವುಗಳಲ್ಲಿ ಒಂದು ತಪ್ಪಿದ್ದರೂ ಚಿತ್ರ ವಾಪಸ್, ಅಂಕವೇ ಇಲ್ಲ.

ಪ್ಯಾಕೆಟ್ ಮತ್ತು ಲೋಗೊ ಟೂಲ್ ಬರೆದಿದ್ದಾಗಿರಬಾರದು. ನಾವು ತೆಗೆದ ಫೋಟೋವನ್ನೇ ಅಲ್ಲಿ ಕೂರಿಸಬೇಕು. ಚಿತ್ರದೊಳಗೆ ಟೂಲ್ ಬರೆದ ಕನ್ನಡ ಒಂದಕ್ಷರವೂ ಬೇಡ, ಒತ್ತಕ್ಷರ ಬಂದ ಕಡೆ ಅದು ಕೈ ಕೊಡುತ್ತದೆ, "ಹಬ್ಬ" ಅನ್ನೋದೇ ನೆಟ್ಟಗೆ ಬರಲ್ಲ. ಚಿತ್ರದ ಮೇಲೆ ಬರುವ ಸಾಲುಗಳನ್ನು ಡಿಸೈನರ್ ಆಮೇಲೆ ಫಾಂಟ್‌ನಲ್ಲಿ ಹಾಕುತ್ತಾರೆ. ನಮ್ಮ ಪುಡಿಯಲ್ಲಿ 80% ಕಾಫಿ, 20% ಚಿಕೋರಿ ಅಂತ ಪ್ಯಾಕೆಟ್ ಮೇಲೇ ಇದೆ. ಹಾಗಾಗಿ "ಶುದ್ಧ ಕಾಫಿ" ಅನ್ನುವ ಅರ್ಥ ಬರುವ ಚಿತ್ರವೂ ಬೇಡ, ಸಾಲೂ ಬೇಡ. ಟೂಲ್ ಹುಟ್ಟಿಸಿದ ಮುಖವನ್ನು "ನಮ್ಮ ಬೆಳೆಗಾರರು" ಅಂತ ತೋರಿಸುವ ಹಾಗಿಲ್ಲ. ಬೆಳೆಗಾರರು ನಿಜವಾಗಿ ಇದ್ದಾರೆ, ಅವರದೇ ಫೋಟೋ ಕೇಳಿ ತೆಗೆಯೋಣ. ಆರು ಬೆರಳು, ಲೋಟದೊಳಗೆ ಕರಗಿಹೋದ ಹೆಬ್ಬೆರಳು ಇದ್ದರೆ ಹೇಳಬೇಕಾಗಿಯೇ ಇಲ್ಲ.

ನಮ್ಮ ಧಾಟಿ: 35

ನಾವು ಮಾತಾಡೋದು ಪಕ್ಕದ ಮನೆಯವರು "ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಅಂದಂತೆ. ಚಿತ್ರ ನೋಡಿದ ಕೂಡಲೇ ಆ ಕರೆ ಕೇಳಿಸಬೇಕು. ಬಳಸಿದ ಅಡುಗೆಮನೆ ಕಾಣಬೇಕು, ಕಟ್ಟೆ ಮೇಲೆ ಎರಡು ಹನಿ ಡಿಕಾಕ್ಷನ್ ಚೆಲ್ಲಿದ್ದರೂ ಚೆಂದವೇ.

30ರಿಂದ 35: ಸಾಲು ತೆಗೆದು ಬರೀ ಚಿತ್ರ ತೋರಿಸಿದರೂ ನಮ್ಮದು ಅನ್ನಿಸುತ್ತದೆ. 22ರಿಂದ 29: ಬೆಚ್ಚಗಿದೆ, ಆದರೆ ಯಾವ ಕಾಫಿ ಕಂಪನಿಯಾದರೂ ಹಾಕಬಹುದಿತ್ತು. 21 ಮತ್ತು ಕೆಳಗೆ: ಹೋಟೆಲ್ ಜಾಹೀರಾತಿನ ಥರ ಥಳಥಳ, ಕಪ್ಪು ಹಿನ್ನೆಲೆಯಲ್ಲಿ ಗಾಳಿಯಲ್ಲಿ ಹಾರುವ ಬೀಜ, ಬೇಕಿಲ್ಲದ ಚಿನ್ನದ ಹೊಳಪು. ಇಂಥವು ಮೊದಲ ನೋಟಕ್ಕೆ ಬಹಳ ಇಷ್ಟವಾಗುತ್ತವೆ. ಅದಕ್ಕೇ ಒಮ್ಮೆ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಅಂಕ ಹಾಕಿ.

ನೋಡುವ ಜನ: 35

ಇಲ್ಲೇ ನಾವು ಜಾಸ್ತಿ ಸೋಲೋದು, ಹಾಗಾಗಿ ಇದನ್ನು ನಿಧಾನವಾಗಿ ಓದಿ. ನಮ್ಮ ಚಿತ್ರ ನೋಡುವವರು ಬೆಂಗಳೂರು, ಮೈಸೂರು, ಹಾಸನದ ಮನೆಗಳವರು. ಬೆಳಿಗ್ಗೆ ಎದ್ದು ಫಿಲ್ಟರ್‌ಗೆ ಪುಡಿ ಹಾಕುವವರು. ಅವರಿಗೆ ಕಾಫಿ ಬಗ್ಗೆ ನಾವು ಹೇಳಿಕೊಡಬೇಕಾಗಿಲ್ಲ, ತಪ್ಪನ್ನು ಅವರೇ ಮೊದಲು ಹಿಡಿಯುತ್ತಾರೆ.

ಪಾತ್ರೆ ಮತ್ತು ಕಾಫಿಗೆ 12. ಫಿಲ್ಟರ್ ಅಂದರೆ ಒಂದರ ಮೇಲೊಂದು ಕೂರುವ ಎರಡು ಭಾಗ, ಮೇಲಿನದರ ತಳದಲ್ಲಿ ತೂತು. ಟೂಲ್ ಇದನ್ನು ಎಷ್ಟೋ ಸಲ ಗಾಜಿನ ಜಗ್ ಮಾಡುತ್ತದೆ, ಇಲ್ಲಾ ಟೀ ಕೆಟಲ್ ಮಾಡುತ್ತದೆ. ಲೋಟಕ್ಕೆ ಹಿಡಿ ಇರಬಾರದು, ಅಂಚು ಹೊರಗೆ ಮಡಚಿರಬೇಕು. ನೊರೆ ಎತ್ತಿ ಹೊಯ್ದದ್ದರಿಂದ ಬಂದ ನೊರೆಯಂತಿರಬೇಕು.

ಹಬ್ಬಕ್ಕೆ 12. ಭಾರತದ ಹಬ್ಬ ಅಂದರೆ ಸಾಕು, ಟೂಲ್ ದೀಪ ಹಚ್ಚಿ ರಂಗೋಲಿ ಪುಡಿ ಸುರಿದುಬಿಡುತ್ತದೆ. ಅದು ದೀಪಾವಳಿ. ನಮಗೆ ಬೇಕಿರುವುದು ಬಾಗಿಲಿಗೆ ಮಾವಿನ ತೋರಣ, ಬಟ್ಟಲಲ್ಲಿ ಬೇವು ಬೆಲ್ಲ, ಪಕ್ಕದಲ್ಲಿ ಒಬ್ಬಟ್ಟು. ಬೇವಿನ ಎಲೆಯನ್ನು ದೊಡ್ಡದು ಮಾಡಿ ನೋಡಿ: ಅಂಚು ಗರಗಸದ ಹಾಗಿರಬೇಕು. ಹಾಗಿಲ್ಲದಿದ್ದರೆ ಅದು ಕರಿಬೇವು ಆಗಿರುವ ಸಾಧ್ಯತೆಯೇ ಜಾಸ್ತಿ, ಕರಿಬೇವು ಇಟ್ಟು ಯುಗಾದಿ ಶುಭಾಶಯ ಹೇಳೋಕಾಗಲ್ಲ.

ತೋಟಕ್ಕೆ 11, ತೋಟ ಇಲ್ಲದ ಚಿತ್ರವಾದರೆ ಈ 11 ಮನೆಯ ಜನ ಮತ್ತು ಉಡುಗೆಗೆ. ಚಿಕ್ಕಮಗಳೂರಿನ ಕಾಫಿ ಬೆಳೆಯೋದು ಮರದ ನೆರಳಲ್ಲಿ, ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಯಲಲ್ಲಿ ನೆಟ್ಟಗೆ ಸಾಲಾಗಿ ನಿಂತ ಗಿಡ ಬಂದರೆ ಅದು ಬೇರೆ ದೇಶದ ತೋಟದಂತೆ ಕಾಣುತ್ತದೆ. ಇನ್ನೊಂದು ಮಾತು, ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ. ಯುಗಾದಿ ಹೊತ್ತಿಗೆ ಗಿಡದ ತುಂಬ ಕೆಂಪು ಹಣ್ಣು ತೋರಿಸಿದರೆ ತೋಟ ನೋಡಿದವರು ನಗುತ್ತಾರೆ. ಹೂಮಳೆ ಬಿದ್ದು ಬಿಳಿ ಹೂ ಬಿಡುವ ಕಾಲ ಅದು. ಮಲ್ಲಿಗೆಯಂಥ ಆ ಹೂವನ್ನೇ ತೋರಿಸೋಣ, ಎಷ್ಟು ಚೆಂದ ಅಲ್ವಾ?

ಹೊಂದಾಣಿಕೆ: 30

ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂಟಿಯಾಗಿ ಅಲ್ಲ. ಬಣ್ಣಕ್ಕೆ 10: ಕಂದು `#5A2E1B`, ಕೆನೆ `#F4E7CF`, ಎಲೆ ಹಸಿರು `#2F6B3A`. ಬೆಳಕಿಗೆ 10: ಎಡಗಡೆ ಕಿಟಕಿಯಿಂದ ಬರುವ ಬೆಳಗಿನ ಬೆಳಕು. ವಸ್ತುಗಳಿಗೆ 10: ಒಂದರಲ್ಲಿ ಸ್ಟೀಲ್ ಲೋಟ, ಮುಂದಿನದರಲ್ಲಿ ಹಿತ್ತಾಳೆ, ಮತ್ತೊಂದರಲ್ಲಿ ಪಿಂಗಾಣಿ ಆದರೆ 3ಕ್ಕಿಂತ ಜಾಸ್ತಿ ಕೊಡಬೇಡಿ. ಎಲ್ಲದಕ್ಕೂ ಒಂದೇ ಲೋಟದ ಫೋಟೋವನ್ನು ಮಾದರಿಯಾಗಿ ಕೊಟ್ಟರೆ ಈ ತೊಂದರೆ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಅಳತೆ 1080 × 1350 ಪಿಕ್ಸೆಲ್, ಮೇಲುಗಡೆ ಕಾಲು ಭಾಗ ಸಾಲಿಗೆ ಖಾಲಿ.

ತೀರ್ಮಾನ

80 ಮತ್ತು ಮೇಲೆ ಬಂದರೆ ಪಾಸ್. ಆದರೆ ಧಾಟಿ, ಜನ ಎರಡರಲ್ಲೂ ಕನಿಷ್ಠ 22 ಮತ್ತು ಹೊಂದಾಣಿಕೆಯಲ್ಲಿ 18 ಇರಲೇಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬಲ್ಲ. 65ರಿಂದ 79 ಆದರೆ, ಅಥವಾ 80 ದಾಟಿಯೂ ಒಂದು ಭಾಗದಲ್ಲಿ ಕಮ್ಮಿಯಾದರೆ, ಒಂದೇ ಒಂದು ಸಲ ತಿದ್ದಿ. ತಿದ್ದಿದ ಮೇಲೂ ಸರಿ ಬರಲಿಲ್ಲ ಅಂದರೆ ಬಿಟ್ಟುಬಿಡಿ. ಸುಮ್ನೆ ಹತ್ತು ಸಲ ತಿದ್ದಿಸುವ ಬದಲು ಒಂದು ಫೋಟೋ ತೆಗೆಯೋದು ಬೇಗ ಆಗುತ್ತದೆ. 65ಕ್ಕಿಂತ ಕೆಳಗೆ ತಿದ್ದುವುದೇ ಬೇಡ.

ಉದಾಹರಣೆಗೆ ನಾನು `ugadi_07_v1.png`ಗೆ ಹಾಕಿದ್ದು: ಧಾಟಿ 30, ಜನ 20, ಹೊಂದಾಣಿಕೆ 27, ಒಟ್ಟು 77. ಅಜ್ಜಿ ಲೋಟ ಚಾಚುವ ರೀತಿ ನನಗೆ ತುಂಬಾ ಹಿಡಿಸಿತು. ಆದರೆ ಕಿಟಕಿಯಾಚೆ ಕೆಂಪು ಹಣ್ಣಿನ ಗಿಡ, ಬಟ್ಟಲಲ್ಲಿ ಕರಿಬೇವು. ಟಿಪ್ಪಣಿ ಹೀಗೆ ಬರೆದೆ: "ಹಣ್ಣು ತೆಗೆದು ಬಿಳಿ ಹೂ, ಕರಿಬೇವಿನ ಜಾಗದಲ್ಲಿ ಬೇವು, ಅಜ್ಜಿಯನ್ನು ಮುಟ್ಟಬೇಡಿ." ನೀವೂ ಹೀಗೇ ಬರೆಯಿರಿ. "ಏನೋ ಸರಿಯಿಲ್ಲ" ಅಂದರೆ ಡಿಸೈನರ್ ಪಾಪ ಏನು ತಿದ್ದಬೇಕು?

ಅಂಕ ಹಾಕುವುದು ಫೋನಿನಲ್ಲೇ, ಜನ ನೋಡೋದೂ ಅದರಲ್ಲೇ. ಪಾಸಾದ ಆರನ್ನೂ ಕೊನೆಗೆ ಅಂಗಡಿಯಲ್ಲಿ ಪುಡಿ ಅಳೆದು ಕೊಡುವ ನಮ್ಮ ಹಿರಿಯರಿಗೆ ತೋರಿಸಿ. ಅವರು ಬೇಡ ಅಂತ ತಲೆ ಅಲ್ಲಾಡಿಸಿದ ಚಿತ್ರವನ್ನು, ಅದು 95 ತಗೊಂಡಿದ್ದರೂ, ಹಾಕುವುದಿಲ್ಲ. ಗುರುವಾರ ಸಂಜೆ 5ರೊಳಗೆ ಅಂಕಗಳು ಶೀಟ್‌ನಲ್ಲಿರಲಿ, ಶುಕ್ರವಾರ ಬೆಳಿಗ್ಗೆ ನಾನು ಸಹಿ ಹಾಕುತ್ತೇನೆ.