ಹೊಸ ಟ್ರಸ್ಟಿಯಾಗಿ ನನ್ನ ಪರಿಚಯ

ಎಲ್ಲರಿಗೂ ನಮಸ್ಕಾರ. ಹೆಸರನ್ನು ಅಧ್ಯಕ್ಷರು ಈಗಷ್ಟೇ ಹೇಳಿದರು. 22 ವರ್ಷ ಲೆಕ್ಕಪತ್ರ ನೋಡಿಕೊಂಡವಳು ನಾನು, ಪಾಠ ಮಾಡಿ ಗೊತ್ತಿಲ್ಲ. ಏಳನೇ ಕ್ಲಾಸಿನಲ್ಲಿ ಫೀಸು ಕಟ್ಟಿರಲಿಲ್ಲ ಅಂತ ಪರೀಕ್ಷೆಯ ದಿನ ಬಾಗಿಲ ಹೊರಗೆ ನಿಂತಿದ್ದೆ, ಕೈಯಲ್ಲಿ ಚೂಪು ಮಾಡಿಟ್ಟ ಎರಡು ಪೆನ್ಸಿಲ್. ಟೀಚರ್ ಒಬ್ಬರು ತಾವೇ ದುಡ್ಡು ಕಟ್ಟಿ ಒಳಗೆ ಕಳಿಸಿದರು, ಯಾರಿಗೂ ಹೇಳಲಿಲ್ಲ. ನೀವು ಟ್ರಸ್ಟಿ ಆಗ್ತೀರಾ ಅಂತ ಕೇಳಿದಾಗ ಮೊದಲು ನೆನಪಾಗಿದ್ದು ಅದೇ. ಹಾಗಾಗಿ ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸ ನನಗೆ ಕೊಡಿ. ಹಣ ಮಂಜೂರಾದ ಮೇಲೆ ಮಗುವಿಗೆ ತಲುಪಲು ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಆಡಿಟ್‌ಗೆ ಕಾಗದ ಜೋಡಿಸುವುದೂ ಬರುತ್ತದೆ (ಅದು ಯಾರಿಗೂ ಇಷ್ಟ ಇಲ್ಲ, ಅಲ್ವಾ?). ಸದ್ಯಕ್ಕೆ ಮಾತಿಗಿಂತ ಕೇಳುವುದೇ ಜಾಸ್ತಿ. ಹಳೆಯ ನಡಾವಳಿ ಪುಸ್ತಕ ಯಾರ ಹತ್ತಿರ ಇದೆ? ಇವತ್ತೇ ಒಮ್ಮೆ ನೋಡಬಹುದಾ?