ಫ್ಲಾಟ್ ತಪಾಸಣೆ: ನೀವು ನೋಡಬೇಕಾದ ಕೆಲಸ

ನಮಸ್ಕಾರ ಸರ್,

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ನಾವು ಕೊಳ್ಳಲಿರುವ ಬಿ ಬ್ಲಾಕ್ 304ನೇ ಫ್ಲಾಟ್ ಬಗ್ಗೆ ಇದು. ಎರಡು ಬೆಡ್‌ರೂಮ್, ಬಿಲ್ಡರ್ ಮುಗಿಸಿಟ್ಟ ಮನೆ, ಇನ್ನೂ ಯಾರೂ ವಾಸವಾಗಿಲ್ಲ. ತಪಾಸಣೆ ಜುಲೈ 12, ಶನಿವಾರ ಸಂಜೆ 5ಕ್ಕೆ. ಕೀಲಿ ನಮ್ಮ ಹತ್ತಿರವೇ ಇರುತ್ತದೆ. ವರದಿ ನೋಡಿದ ಮೇಲೆಯೇ ಅಗ್ರಿಮೆಂಟ್‌ಗೆ ಸಹಿ ಹಾಕುತ್ತೇವೆ.

ಎಲ್ಲಕ್ಕಿಂತ ಮುಖ್ಯ ನೀರಿನ ಸೋರಿಕೆ. ಮಾಸ್ಟರ್ ಬೆಡ್‌ರೂಮಿನ ಪಶ್ಚಿಮದ ಗೋಡೆಗೆ ಮಾತ್ರ ಹೊಸದಾಗಿ ಪೇಂಟ್ ಹೊಡೆದಿದ್ದಾರೆ. ಅದು ನಮಗೆ ಸಮಾಧಾನ ತಂದಿಲ್ಲ. ಅಲ್ಲಿ ತೇವಾಂಶದ ಮೀಟರ್ ಇಟ್ಟು ನೋಡಿ. ಪಕ್ಕದ ಗೋಡೆಯ ಅಳತೆಯನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಹೋಲಿಸಲು ಆಗಲ್ಲ. ಥರ್ಮಲ್ ಕ್ಯಾಮೆರಾದ ಚಿತ್ರವೊಂದನ್ನೇ ನಂಬಿ ಸೋರಿಕೆ ಇದೆ, ಇಲ್ಲ ಎಂದು ಬರೆಯಬೇಡಿ. ಕಿಟಕಿಗಳ ಅಂಚಿಗೆ ಹೊರಗಿನಿಂದ ನೀರು ಬಿಟ್ಟು ಒಳಗೆ ಇಳಿಯುತ್ತದಾ ನೋಡಿ.

ಎರಡೂ ಬಾತ್‌ರೂಮಿನ ಟ್ರ್ಯಾಪ್ ಮುಚ್ಚಿ ಶುಕ್ರವಾರ ಸಂಜೆ 5ಕ್ಕೇ ನೆಲದ ಮೇಲೆ ನೀರು ತುಂಬಿ ನಿಲ್ಲಿಸಲು ಬಿಲ್ಡರ್ ಒಪ್ಪಿದ್ದಾರೆ. 24 ಗಂಟೆ ಆದ ಮೇಲೆ ಕೆಳಗಿನ 204ರ ಬಾತ್‌ರೂಮ್ ಸೀಲಿಂಗ್ ನೋಡಿ. ಆ ಮನೆಯವರು ಬಾಗಿಲು ತೆರೆಯುತ್ತಾರೆ. ನಮ್ಮ ಬಾತ್‌ರೂಮ್ ಸೀಲಿಂಗ್‌ನಲ್ಲಿ ಮೇಲಿನ 404ರಿಂದ ಬರುವ ಪೈಪುಗಳ ಜಾಯಿಂಟ್‌ಗಳನ್ನೂ ಬಿಡಬೇಡಿ. ನಿಂತ ನೀರು ಬಿಟ್ಟಾಗ ಪೂರ್ತಿ ಟ್ರ್ಯಾಪಿಗೆ ಹರಿಯಬೇಕು, ಮೂಲೆಯಲ್ಲಿ ನಿಲ್ಲಬಾರದು.

ಬಿರುಕುಗಳಲ್ಲಿ ಪ್ಲಾಸ್ಟರ್‌ದು ಯಾವುದು, ಕಂಬ ತೊಲೆಗಳಲ್ಲಿ ಇರುವುದು ಯಾವುದು ಎಂದು ಬೇರೆ ಬೇರೆ ಹೇಳಿ. ಅಗಲ ಅಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಟೈಲ್ಸ್ ಎಲ್ಲವನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಟೇಪ್ ಅಂಟಿಸಿ.

ಕರೆಂಟ್ ವಿಷಯದಲ್ಲಿ ಪ್ರತಿ ಪ್ಲಗ್ ಪಾಯಿಂಟ್‌ನ ಅರ್ತಿಂಗ್ ಪರೀಕ್ಷಿಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ, ಟೆಸ್ಟರ್ ಹಾಕಿದಾಗ ನಿಜಕ್ಕೂ ಟ್ರಿಪ್ ಆಗುತ್ತದಾ ನೋಡಿ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗುವಿದೆ, ಇದರಲ್ಲಿ ರಾಜಿ ಇಲ್ಲ.

ನಲ್ಲಿಯಲ್ಲಿ ಈಗ ಬರುವುದು ಬೋರ್‌ವೆಲ್ ನೀರು. ಟಿಡಿಎಸ್, ಗಡಸುತನ ಎರಡನ್ನೂ ಅಳೆಯಿರಿ. ಕುಡಿಯುವ ನೀರಿನ ಬಿಐಎಸ್ ಮಾನದಂಡದಲ್ಲಿ ಸ್ವೀಕಾರಾರ್ಹ ಮಿತಿ ಲೀಟರಿಗೆ ಕ್ರಮವಾಗಿ 500 ಮತ್ತು 200 ಮಿಲಿಗ್ರಾಂ. ಅದಕ್ಕೆ ಹೋಲಿಸಿ ಬರೆದರೆ ಸಾಕು.

ಕಾರ್ಪೆಟ್ ಏರಿಯಾ 842 ಚದರಡಿ ಎಂದು ಬಿಲ್ಡರ್ ಹೇಳಿದ್ದಾರೆ. ಲೇಸರ್‌ನಲ್ಲಿ ಅಳೆದು ರೆರಾ ಪ್ರಕಾರ ಲೆಕ್ಕ ಹಾಕಿ: ಒಳಗಿನ ಗೋಡೆಗಳು ಸೇರಬೇಕು, ಹೊರಗೋಡೆ, ಬಾಲ್ಕನಿ, ಪೈಪ್ ಡಕ್ಟ್ ಸೇರಬಾರದು. ಓಸಿ, ಖಾತೆ, ಟೈಟಲ್ ನಮ್ಮ ವಕೀಲರು ನೋಡುತ್ತಾರೆ, ನಿಮಗೆ ಬೇಡ.

ವರದಿ ಮಂಗಳವಾರದೊಳಗೆ ಬೇಕು. ಪ್ರತಿ ದೋಷಕ್ಕೂ ಫೋಟೊ, ಜಾಗ, ಕಾರಣ ಇರಲಿ. ನೋಡಲು ಆಗದ ಜಾಗಗಳನ್ನೂ ಹೆಸರಿಸಿ. ರಿಜಿಸ್ಟ್ರೇಷನ್‌ಗೆ ಮುಂಚೆ ಸರಿಪಡಿಸಲೇಬೇಕಾದ್ದನ್ನು ಮೊದಲು ಬರೆಯಿರಿ. ಪೊಸೆಷನ್ ಆದ ಮೇಲೆ 5 ವರ್ಷ ದೋಷ ಸರಿಪಡಿಸುವ ಹೊಣೆ ರೆರಾ ಪ್ರಕಾರ ಬಿಲ್ಡರ್‌ದೇ. ಆದರೆ ದುಡ್ಡು ಕೊಟ್ಟ ಮೇಲೆ ಅವರ ಹಿಂದೆ ಅಲೆಯಲು ನಮಗಿಷ್ಟವಿಲ್ಲ.

ವರದಿ ನಮಗೆ ಮಾತ್ರ. ಬಿಲ್ಡರ್‌ಗಾಗಲಿ ಬ್ರೋಕರ್‌ಗಾಗಲಿ ಏನೂ ಹೇಳಬೇಡಿ. ಈ ಮನೆಯ ರಿಪೇರಿ ಕೆಲಸವನ್ನು ನೀವೇ ವಹಿಸಿಕೊಳ್ಳುವಂತಿಲ್ಲ. ಶುಲ್ಕ 9,000 ರೂಪಾಯಿ, ಅರ್ಧ ಮುಂಗಡ, ಉಳಿದದ್ದು ವರದಿ ಕೈಸೇರಿದ ದಿನ. ರಿಪೇರಿ ಆದ ಮೇಲೆ ಒಮ್ಮೆ ಬಂದು ಮರುಪರಿಶೀಲಿಸುವುದೂ ಇದರಲ್ಲೇ ಸೇರಿದೆ. ಒಪ್ಪಿಗೆಯಾದರೆ ಬುಧವಾರದೊಳಗೆ ತಿಳಿಸಿ, ಮುಂಗಡ ಕಳಿಸುತ್ತೇವೆ.