ಚೈತ್ರಾಳ ಭಾಗಾಕಾರ: ತಪ್ಪಿನ ಜಾಡು ಮತ್ತು ಪುಸ್ತಕದಲ್ಲಿ ಬರೆದ ಟಿಪ್ಪಣಿಗಳು

ಮೇಡಂ, ನಮಸ್ಕಾರ.

ಸೋಮವಾರದಿಂದ ಹತ್ತು ದಿನ ನಾನು ತರಬೇತಿಯಲ್ಲಿರುತ್ತೇನೆ. ಅಷ್ಟು ದಿನ ಐದನೇ ತರಗತಿಯ ಗಣಿತ ನಿಮ್ಮದು. ಉಳಿದ ಮಕ್ಕಳ ವಿಷಯವನ್ನು ಹಾಜರಿ ಪುಸ್ತಕದಲ್ಲಿ ಇಟ್ಟಿರುವ ಹಾಳೆಯಲ್ಲಿ ಬರೆದಿದ್ದೇನೆ. ಚೈತ್ರಾಳ ಬಗ್ಗೆ ಮಾತ್ರ ಬೇರೆಯಾಗಿ ಬರೆಯುತ್ತಿದ್ದೇನೆ. ಹನ್ನೆರಡು ಲೆಕ್ಕಗಳಲ್ಲಿ ನಾಲ್ಕು ಸರಿ, ಎಂಟು ತಪ್ಪು. ಪುಸ್ತಕ ತೆರೆದ ಯಾರಿಗಾದರೂ ‘ಈ ಹುಡುಗಿಗೆ ಭಾಗಾಕಾರ ಬರುವುದಿಲ್ಲ’ ಎನಿಸುತ್ತದೆ. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಅವಳಿಗೆ ಭಾಗಾಕಾರ ಬರುತ್ತದೆ. ಒಂದೇ ಒಂದು ತಿರುವಿನಲ್ಲಿ ದಾರಿ ತಪ್ಪುತ್ತಿದ್ದಾಳೆ, ಅದೂ ನಾನೇ ಹೇಳಿಕೊಟ್ಟ ಮಾತನ್ನು ನಂಬಿ.

ಸರಿಯಾದವು: 936 ÷ 4, 865 ÷ 5, 2592 ÷ 8, 3475 ÷ 5. ಇವುಗಳಲ್ಲಿ ಮಗ್ಗಿ, ಕಳೆಯುವುದು, ಅಂಕಿ ಇಳಿಸುವುದು ಎಲ್ಲವೂ ಅಚ್ಚುಕಟ್ಟು.

ತಪ್ಪಾದವುಗಳಿಗೆ ಅವಳು ಬರೆದ ಉತ್ತರಗಳು:

824 ÷ 8 = 13
1236 ÷ 4 = 39
4218 ÷ 6 = 73
6030 ÷ 6 = 15
2415 ÷ 12 = 21, ಶೇಷ 3
840 ÷ 7 = 12
961 ÷ 8 = 12, ಶೇಷ 1
658 ÷ 7 = 93, ಶೇಷ 7

ಕೊನೆಯದನ್ನು ಪಕ್ಕಕ್ಕಿಡಿ. ಅದು ಬೇರೆ ಜಾತಿಯ ತಪ್ಪು, ಕೊನೆಯಲ್ಲಿ 28ಕ್ಕೆ ಏಳರ ಮಗ್ಗಿ ಹೇಳುವಾಗ ಒಂದು ಮೆಟ್ಟಿಲು ಮೊದಲೇ ನಿಂತಿದ್ದಾಳೆ. ಉಳಿದ ಏಳೂ ಒಂದೇ ತಪ್ಪು. ಮೊದಲನೆಯದನ್ನು ಅವಳು ಮಾಡಿದ ಹಾಗೆಯೇ ಇಳಿಸುತ್ತೇನೆ:

```
8 ) 824 ( 13
    8
    ---
     24
     24
    ---
      0
```

2 ಮತ್ತು 4 ಎರಡನ್ನೂ ಒಂದೇ ಸಲ ಕೆಳಗೆ ಇಳಿಸಿದ್ದಾಳೆ. 2 ಇಳಿಸಿದಾಗ ಎಂಟರ ಮಗ್ಗಿಯಲ್ಲಿ ಅದು ಸಿಗಲಿಲ್ಲ, ಹಾಗಾಗಿ 4ನ್ನೂ ಕರೆದುಕೊಂಡು ಬಂದಳು. ಹತ್ತರ ಮನೆ ಖಾಲಿ ಇದೆ ಎಂದು ಭಾಗಲಬ್ಧದಲ್ಲಿ ಎಲ್ಲಿಯೂ ದಾಖಲಾಗಲಿಲ್ಲ. 103 ಹೀಗೆ 13 ಆಯಿತು. 6030ರಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ಎಳೆದುಕೊಂಡಿದ್ದಾಳೆ. 840 ಮತ್ತು 961ರಲ್ಲಿ ಇದೇ ತಪ್ಪು ಬಾಲದಲ್ಲಿದೆ. ನಡುವೆ ಶೇಷ 0 ಬಂದ ಕೂಡಲೇ ಲೆಕ್ಕ ಮುಗಿಯಿತೆಂದು ಕೈ ಬಿಟ್ಟಿದ್ದಾಳೆ, 961ರಲ್ಲಿ ಉಳಿದ 1ನ್ನು ನೇರವಾಗಿ ಶೇಷವೆಂದು ಬರೆದಿದ್ದಾಳೆ. ಎರಡರಲ್ಲೂ ಭಾಗಲಬ್ಧದ ಬಿಡಿಯ ಮನೆಗೆ ಏನೂ ಬರೆದಿಲ್ಲ.

ಇದು ನನ್ನ ಊಹೆಯೋ ನಿಜವೋ ಎಂದು ತಿಳಿಯಲು ಶುಕ್ರವಾರ ಊಟದ ಬಿಡುವಿನಲ್ಲಿ 728 ÷ 7 ಕೊಟ್ಟೆ. ಅವಳು 14 ಎಂದು ಬರೆಯುತ್ತಾಳೆ ಎಂದು ಮೊದಲೇ ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡಿದ್ದೆ. 14 ಎಂದೇ ಬರೆದಳು. ‘ಮಾಡುವಾಗ ಬಾಯಿ ಬಿಟ್ಟು ಹೇಳು’ ಎಂದಾಗ ಹೇಳಿದ್ದು ಇದು: ‘ಏಳೊಂದಲೆ ಏಳು. ಆಮೇಲೆ ಎರಡು, ಎರಡು ಸಾಲುವುದಿಲ್ಲ ಟೀಚರ್. ಸಾಲದಿದ್ದರೆ ಮುಂದಿನ ಅಂಕಿಯನ್ನೂ ತೆಗೆದುಕೊಳ್ಳಬೇಕು. ಇಪ್ಪತ್ತೆಂಟು, ಏಳ್ನಾಲ್ಕಲೆ ಇಪ್ಪತ್ತೆಂಟು.’

‘ಸಾಲದಿದ್ದರೆ ಮುಂದಿನ ಅಂಕಿಯನ್ನೂ ತೆಗೆದುಕೊ’ ನನ್ನದೇ ಮಾತು. ಜೂನ್‌ನಲ್ಲಿ 3475 ÷ 5ರಂಥ ಲೆಕ್ಕ ಹೇಳಿಕೊಡುವಾಗ ಹೇಳಿದ್ದೆ. 3 ಸಾಲದು, 34 ತೆಗೆದುಕೊ. ಆರಂಭದಲ್ಲಿ ಅದು ಸರಿ, ಏಕೆಂದರೆ ಸಂಖ್ಯೆಯ ಮುಂದೆ ಖಾಲಿ ಮನೆಯನ್ನು ಯಾರೂ ಬರೆಯುವುದಿಲ್ಲ. ನಡುವೆ ಅದೇ ಮಾತು ಸಾಲದು. ಆ ವ್ಯತ್ಯಾಸವನ್ನು ನಾನು ಹೇಳಲಿಲ್ಲ, ಅವಳು ಮಾತನ್ನು ಪ್ರಾಮಾಣಿಕವಾಗಿ ಎಲ್ಲ ಕಡೆಯೂ ಪಾಲಿಸಿದಳು. ಇದನ್ನು ಅಜಾಗರೂಕತೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಕಾರಣವೂ ಇರಬಹುದು. ಭಾಗಲಬ್ಧವನ್ನು ಅವಳು ಬಲಗಡೆ ಕಂಸದ ಆಚೆ ಬರೆಯುತ್ತಾಳೆ, ಮನೆಯಲ್ಲಿ ಅಕ್ಕ ಹಾಗೆ ಹೇಳಿಕೊಟ್ಟಿದ್ದಾಳೆ. ನಾವೂ ಹಾಗೆಯೇ ಕಲಿತವರು. ಆದರೆ ಅಲ್ಲಿ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ, ಬಿಟ್ಟುಹೋದ ಮನೆ ಕಾಣುವುದಿಲ್ಲ. ಭಾಜ್ಯದ ಮೇಲೆ ಬರೆದರೆ ತೆರವು ಕಣ್ಣಿಗೆ ಹೊಡೆಯುತ್ತದೆ. ಪದ್ಧತಿ ಬದಲಿಸು ಎಂದು ನಾನು ಹೇಳಿಲ್ಲ. ಅಕ್ಕ ಹೇಳಿಕೊಟ್ಟದ್ದನ್ನು ಶಾಲೆ ತಪ್ಪೆನ್ನುವುದು ಬೇಡ. ಬದಲಿಗೆ ಅಂಕಿಗಳ ತಲೆಯ ಮೇಲೆ ಸಾ, ನೂ, ಹ, ಬಿ ಬರೆಯಲು ಹೇಳಿದ್ದೇನೆ.

ಈಗ ಟಿಪ್ಪಣಿಗಳು. ಮೊದಲು ‘ಮಧ್ಯದಲ್ಲಿ ಸೊನ್ನೆ ಬಿಟ್ಟಿದ್ದೀಯ, ಸರಿಪಡಿಸು’ ಎಂದು ಬರೆದು ಅಳಿಸಿಹಾಕಿದೆ. ಹಾಗೆ ಬರೆದರೆ ಐದೇ ನಿಮಿಷದಲ್ಲಿ ಏಳೂ ಲೆಕ್ಕ ಸರಿಯಾಗುತ್ತವೆ, ಮುಂದಿನ ವಾರ ಮತ್ತೆ ಅದೇ 13. ಅದಕ್ಕಿಂತ ಕೆಟ್ಟದ್ದು, ಎಲ್ಲಾದರೂ ಒಂದು ಸೊನ್ನೆ ತುರುಕಿದರೆ ಟೀಚರ್ ಒಪ್ಪುತ್ತಾರೆ ಎಂದು ಕಲಿಯುತ್ತಾಳೆ. ಹಾಗಾಗಿ ಪುಸ್ತಕದ ಆ ಎರಡು ಪುಟಗಳಲ್ಲಿ ‘ಸೊನ್ನೆ’ ಎಂಬ ಪದವನ್ನೇ ನಾನು ಬಳಸಿಲ್ಲ. ದಯವಿಟ್ಟು ನೀವೂ ಬಳಸಬೇಡಿ, ಅವಳೇ ಹೇಳುವವರೆಗೆ. ಪುಸ್ತಕದಲ್ಲಿರುವುದನ್ನು ಹಾಗೆಯೇ ನಕಲು ಮಾಡುತ್ತಿದ್ದೇನೆ.

ಸರಿಯಾದ ನಾಲ್ಕು ಲೆಕ್ಕಗಳ ಕೆಳಗೆ:
‘ನಾಲ್ಕೂ ಸರಿ. ಪ್ರತಿ ಸಲ ಕಳೆದ ಮೇಲೆ ಒಂದೊಂದೇ ಅಂಕಿ ಇಳಿಸಿದ್ದೀಯ, ಕಳೆದ ಸಾಲುಗಳೂ ನೇರವಾಗಿವೆ. 3475ರಲ್ಲಿ ಮೊದಲು 34 ತೆಗೆದುಕೊಂಡದ್ದು ಏಕೆ? ಒಂದು ಸಾಲಿನಲ್ಲಿ ಬರೆ.’

824 ÷ 8ರ ಪಕ್ಕ:
‘ನಿನ್ನ ಹತ್ತಿರ ನೂರರ ನೋಟು ಎಂಟು, ಹತ್ತರ ನೋಟು ಎರಡು, ಒಂದು ರೂಪಾಯಿ ನಾಲ್ಕು ಇವೆ. ಎಂಟು ಜನರಿಗೆ ಸಮವಾಗಿ ಹಂಚಬೇಕು. ಮೊದಲು ನೂರರ ನೋಟು ಹಂಚು. ಒಬ್ಬೊಬ್ಬರಿಗೆ ಎಷ್ಟು ರೂಪಾಯಿ ಬಂತು? ಈಗ ನಿನ್ನ ಉತ್ತರ 13 ನೋಡು. ಅದರಲ್ಲಿರುವ 1 ಎಷ್ಟು ರೂಪಾಯಿ?’

1236 ÷ 4:
‘39 × 4 ಮಾಡಿ ಇಲ್ಲಿ ಬರೆ. 1236 ಬಂತೇ? ಬಾರದಿದ್ದರೆ ಅಳಿಸಬೇಡ, ಪಕ್ಕದಲ್ಲಿ ಹೊಸದಾಗಿ ಮಾಡು. ಹಳೆಯದೂ ನಮಗೆ ಬೇಕು.’

4218 ÷ 6:
‘ಲೆಕ್ಕ ಮಾಡುವ ಮೊದಲು ಊಹಿಸು. ಸುಮಾರು ನಾಲ್ಕು ಸಾವಿರ ಅಡಿಕೆಯನ್ನು ಆರು ಚೀಲಕ್ಕೆ ಸಮವಾಗಿ ತುಂಬಿದರೆ ಒಂದು ಚೀಲದಲ್ಲಿ ನೂರಕ್ಕಿಂತ ಹೆಚ್ಚು ಇರುತ್ತದೆಯೇ, ಕಡಿಮೆ ಇರುತ್ತದೆಯೇ? ನಿನ್ನ 73 ನೋಡಿ ಏನನಿಸುತ್ತದೆ?’

6030 ÷ 6:
‘ಇಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ಇಳಿಸಿದ್ದೀಯ. ಅಂಕಿಗಳ ಮೇಲೆ ಸಾ, ನೂ, ಹ, ಬಿ ಎಂದು ಬರೆದುಕೊಂಡು ಒಂದೊಂದೇ ಇಳಿಸು. ಇಳಿಸಿದಾಗಲೆಲ್ಲ ಕೇಳಿಕೊ: ಈ ಮನೆಯಿಂದ ಒಬ್ಬರಿಗೆ ಎಷ್ಟು ಬಂತು?’

2415 ÷ 12:
‘ಭಾಜಕ ಎರಡಂಕಿ ಇದ್ದರೂ ಹೆದರಲಿಲ್ಲ, ಶೇಷವೂ ಸರಿ. ಮೇಲಿನ ಲೆಕ್ಕದಲ್ಲಿ ನಿನಗೆ ಏನೋ ಕಂಡಿರಬೇಕು. ಅದು ಇಲ್ಲಿಯೂ ಇದೆಯೇ, ಹುಡುಕು.’

840 ÷ 7 ಮತ್ತು 961 ÷ 8ಕ್ಕೆ ಒಂದೇ ಟಿಪ್ಪಣಿ:
‘ಭಾಜ್ಯದಲ್ಲಿ ನೀನು ಹಂಚಿ ಮುಗಿಸಿದ ಪ್ರತಿ ಅಂಕಿಯ ಕೆಳಗೂ ಒಂದು ಚುಕ್ಕೆ ಇಡು. ಚುಕ್ಕೆ ಇಲ್ಲದ ಅಂಕಿ ಉಳಿಯಿತೇ? ಎರಡು ಬೇರೆ ಬೇರೆ ಲೆಕ್ಕಗಳಿಗೆ 12 ಬಂದಿದೆ. ಗುಣಿಸಿ ನೋಡು.’

658 ÷ 7:
‘ಶೇಷ 7 ಬಂದಿದೆ, ಭಾಜಕವೂ 7. ಎರಡನ್ನೂ ಪಕ್ಕಪಕ್ಕ ಬರೆದು ನೋಡು. ಇಷ್ಟು ಶೇಷ ಉಳಿಯಬಹುದೇ?’

ಪುಟದ ಕೊನೆಗೆ:
‘ಚೈತ್ರಾ, 658ನ್ನು ಬಿಟ್ಟು ಉಳಿದ ಏಳು ತಪ್ಪುಗಳಿಗೂ ಒಂದೇ ಕಾರಣ ಇದೆ. ಸರಿಯಾದ ನಾಲ್ಕು ಲೆಕ್ಕಗಳಲ್ಲಿ ಅದು ಏಕೆ ತೊಂದರೆ ಕೊಡಲಿಲ್ಲ? ಎರಡೂ ಬಗೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡು. ಕಂಡದ್ದನ್ನು ಮೇಡಂಗೆ ಬಾಯಲ್ಲಿ ಹೇಳು. ಏಳನ್ನೂ ಮತ್ತೆ ಮಾಡಬೇಕಿಲ್ಲ, ನಿನಗೆ ಇಷ್ಟವಾದ ಎರಡು ಮಾಡಿದರೆ ಸಾಕು.’

ಇನ್ನು ನಿಮಗೆ. ಅಡಿಕೆಯ ಪ್ರಶ್ನೆಯಲ್ಲಿ 4200 ಎಂದು ಬರೆಯಬೇಕೆಂದಿದ್ದೆ, ಆದರೆ 42 ಅವಳಿಗೆ ಮಗ್ಗಿಯಲ್ಲಿ ಬಾಯಿಗೇ ಬರುತ್ತದೆ, 700 ಎಂದು ಹೇಳಿ ಉಳಿದದ್ದನ್ನು ಅಂಟಿಸಿಬಿಡುತ್ತಾಳೆ. ಹೆಚ್ಚು ಕಡಿಮೆ ಎಂದಷ್ಟೇ ಕೇಳಿದೆ. ನೋಟು ಹಂಚುವ ಪ್ರಶ್ನೆಯಲ್ಲಿ ಅವಳು ಸಿಕ್ಕಿಹಾಕಿಕೊಂಡರೆ ಗಣಿತ ಕಿಟ್ಟಿನ ಆಟದ ನೋಟುಗಳನ್ನು ಕೈಗೆ ಕೊಡಿ. ಎರಡು ಹತ್ತರ ನೋಟು ಎಂಟು ಜನರಿಗೆ ಹಂಚಲಾಗದೆ ಚಿಲ್ಲರೆ ಮಾಡಿಸಿಕೊಳ್ಳಲು ಅವಳೇ ನಿಮ್ಮ ಹತ್ತಿರ ಬರಬೇಕು. ಬಂದಾಗ ಒಂದೇ ಪ್ರಶ್ನೆ ಕೇಳಿ: ‘ಹಾಗಾದರೆ ಒಬ್ಬೊಬ್ಬರ ಕೈಯಲ್ಲಿ ಹತ್ತರ ನೋಟು ಎಷ್ಟು?’ ನಂತರ ಸುಮ್ಮನಿರಿ. ಅವಳು ಯೋಚಿಸುವಾಗ ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಬಹಳ ಹೊತ್ತು ಕೂರುತ್ತಾಳೆ. ನಮಗೆ ಕಷ್ಟ, ಬಾಯಿ ತುದಿಗೆ ಉತ್ತರ ಬಂದುಬಿಡುತ್ತದೆ. ದಯವಿಟ್ಟು ತಡೆದುಕೊಳ್ಳಿ. ಪಕ್ಕದಲ್ಲಿ ಕೂರುವ ಹುಡುಗ ಚುರುಕು, ಅವನು ಹೇಳಿಬಿಡದ ಹಾಗೆ ಆಗ ಅವನಿಗೆ ಬೇರೆ ಕೆಲಸ ಕೊಡಿ.

ಅವಳು ಕಂಡುಕೊಂಡಳು ಎನಿಸಿದ ಮರುದಿನ ಈ ನಾಲ್ಕು ಕೊಡಿ: 742 ÷ 7, 945 ÷ 7, 3612 ÷ 12, 650 ÷ 5. ಉತ್ತರಗಳು 106, 135, 301, 130. 945ನ್ನು ಬೇಕೆಂದೇ ಸೇರಿಸಿದ್ದೇನೆ, ಅದರಲ್ಲಿ ಖಾಲಿ ಮನೆ ಇಲ್ಲ. ಅಲ್ಲಿಯೂ ಸೊನ್ನೆ ಹಾಕಿದರೆ ಅವಳಿಗೆ ಕಾರಣ ಸಿಕ್ಕಿಲ್ಲ, ಹೊಸ ನಿಯಮವೊಂದು ಸಿಕ್ಕಿದೆ ಅಷ್ಟೇ. ಆಗ ಮತ್ತೆ ನೋಟುಗಳಿಗೆ ಮರಳಬೇಕು. 3612ರ ಭಾಗಲಬ್ಧವನ್ನು 0301 ಎಂದು ಬರೆದರೆ ತಪ್ಪು ಹಾಕಬೇಡಿ, ‘ಮುಂದಿನ ಆ ಅಂಕಿ ಇಲ್ಲದಿದ್ದರೆ ಸಂಖ್ಯೆ ಬದಲಾಗುತ್ತದೆಯೇ?’ ಎಂದು ಮಾತ್ರ ಕೇಳಿ.

ಒಂದು ವಿನಂತಿ. ಟಿಪ್ಪಣಿಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ನೀವೂ ಪೆನ್ಸಿಲ್ಲಿನಲ್ಲೇ ಬರೆಯಿರಿ. ಕೆಂಪು ಶಾಯಿಯ ಗೆರೆ ಕಂಡರೆ ಅವಳು ಪುಟವನ್ನೇ ಮಡಚಿ ಮುಚ್ಚಿಬಿಡುತ್ತಾಳೆ, ಕೆಳಗೆ ಏನು ಬರೆದಿದೆ ಎಂದು ಓದುವುದೇ ಇಲ್ಲ. ಪುಸ್ತಕ ಬೀರುವಿನ ಎರಡನೇ ಅರೆಯಲ್ಲಿದೆ, ಮೇಲೆ ನೀಲಿ ರಟ್ಟು. 14 ಎಂದು ಬರೆದ ನನ್ನ ಚೀಟಿ ಅದರೊಳಗೇ ಇದೆ. ಅವಳು ತಾನಾಗಿ 104ಕ್ಕೆ ಬಂದ ದಿನ ಅದನ್ನು ಅವಳಿಗೆ ತೋರಿಸಿ.